ಒಂದೇ ಮನೆ, ಮೂವರು ಮಕ್ಕಳು: ಅಪ್ಪ ಅಮ್ಮನ ಆಸ್ತಿ ಪಾಲು ಮಾಡುವಾಗ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವಕೀಲನಲ್ಲ. ಬೆಂಗಳೂರಿನಲ್ಲಿ ಬ್ಯಾಂಕಿನ ಸಾಲದ ಮೇಜಿನಲ್ಲಿ ಕೂತು ಮನೆ ಪತ್ರ, ಚಿನ್ನದ ತೂಕದ ಚೀಟಿ ನೋಡಿ ನೋಡಿ ನಿವೃತ್ತನಾದವನು. ಆಮೇಲೆ ನೆಂಟರ ಮನೆಗಳಲ್ಲಿ ಪಾಲಿನ ಮಾತು ಬಂದಾಗಲೆಲ್ಲ "ನೀವೂ ಸ್ವಲ್ಪ ಬಂದು ಕೂತ್ಕೊಳ್ಳಿ" ಅಂತ ಕರೆ ಬರುತ್ತದೆ. ಅಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ.

ಎಲ್ಲ ಉತ್ತರಕ್ಕೂ ಒಂದೇ ಮನೆಯ ಉದಾಹರಣೆ ಹಿಡಿದಿದ್ದೇನೆ. ಬನಶಂಕರಿ ಕಡೆ ಮೂವತ್ತು ನಲವತ್ತರ ಸೈಟು, ಎರಡು ಮಹಡಿ. ಅಪ್ಪ ತಮ್ಮ ದುಡಿಮೆಯಲ್ಲಿ ಕೊಂಡಿದ್ದು. ಅಮ್ಮ ಮೊದಲೇ ಹೋದರು, ಅಪ್ಪ ಎಂಟು ತಿಂಗಳ ಹಿಂದೆ. ಉಯಿಲು ಇಲ್ಲ. ಅಕ್ಕ, ಅಣ್ಣ, ತಂಗಿ ಮೂವರು. ಕೆಳಗಿನ ಮನೆಯಲ್ಲಿ ಅಣ್ಣ ಇದ್ದಾನೆ, ಮೇಲೆ ಲೀಸ್‌ನವರು. ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗಲಿ ಎಂದು ದುಂಡಗೆ ಮಾಡಿದ್ದೇನೆ.

ಮೂವರಿಗೂ ಸಮಪಾಲು ಅಂತ ಯಾರು ಹೇಳಿದ್ದು?

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ಗಂಡಸು ಉಯಿಲು ಬರೆಯದೆ ತೀರಿಕೊಂಡರೆ ಅವರ ಸ್ವಂತ ದುಡಿಮೆಯ ಆಸ್ತಿ ಹೆಂಡತಿ, ಮಕ್ಕಳು, ತಾಯಿ ಇವರಿಗೆ ತಲಾ ಒಂದೊಂದು ಪಾಲು. ಮಗಳಿಗೆ ಮದುವೆ ಆಗಿದ್ದರೂ ಅಷ್ಟೇ, ಆಗದಿದ್ದರೂ ಅಷ್ಟೇ. ಅಮ್ಮ ಬದುಕಿದ್ದರೆ ಈ ಮನೆಯಲ್ಲಿ ಮೂರಲ್ಲ, ನಾಲ್ಕು ಪಾಲು ಆಗುತ್ತಿತ್ತು. ಇದನ್ನು ಮರೆಯುವವರು ತುಂಬಾ ಜನ. ಪಿತ್ರಾರ್ಜಿತ ಆಸ್ತಿಯಾದರೆ ಲೆಕ್ಕ ಬೇರೆ. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಅವರವರ ನಿಯಮ ಬೇರೆ. ಅಂಥ ಕಡೆ ಪಾಲು ಎಷ್ಟು ಅನ್ನುವುದನ್ನು ವಕೀಲರ ಹತ್ತಿರ ಕೇಳಿಕೊಳ್ಳಿ. ಬೆಲೆ ಕಟ್ಟುವ ರೀತಿ ಮಾತ್ರ ಎಲ್ಲರಿಗೂ ಒಂದೇ.

ಎಫ್‌ಡಿಗೆ ನಾಮಿನಿ ತಂಗಿ. ಆ ದುಡ್ಡು ಅವಳದೇ ಅಲ್ವಾ?

ಅಲ್ಲ. ನಾಮಿನಿ ಅಂದರೆ ಬ್ಯಾಂಕಿನಿಂದ ದುಡ್ಡು ಈಸಿಕೊಳ್ಳುವ ಕೈ, ಅಷ್ಟೇ. ಈಸಿಕೊಂಡ ಮೇಲೆ ಅದು ವಾರಸುದಾರರೆಲ್ಲರಿಗೂ ಸೇರಿದ್ದು.

ಮನೆಗೆ ಮೂರು ಬೆಲೆ ಸಿಕ್ಕಿದೆ. ಯಾವುದನ್ನು ಹಿಡಿಯಬೇಕು?

ಜಗಳ ಹುಟ್ಟುವುದೇ ಇಲ್ಲಿ. ಅಣ್ಣ ಸರ್ಕಾರದ ಮಾರ್ಗಸೂಚಿ ಬೆಲೆ ಹಿಡಿದು ಬರುತ್ತಾನೆ. ಅದು ಕಡಿಮೆ ಇರುತ್ತದೆ. ತಂಗಿಯ ಗಂಡ ಬ್ರೋಕರ್ ಬಾಯಲ್ಲಿ ಕೇಳಿದ ಬೆಲೆ ಹಿಡಿದು ಬರುತ್ತಾರೆ. ಅದು ಜಾಸ್ತಿ ಇರುತ್ತದೆ. ಮೂರನೆಯದು ವ್ಯಾಲ್ಯುಯರ್ ಕೊಟ್ಟ ವರದಿ.

ಮಾರ್ಗಸೂಚಿ ಬೆಲೆ ಇರುವುದು ನೋಂದಣಿಗೆ ಶುಲ್ಕ ಲೆಕ್ಕ ಹಾಕಲು. ಒಂದು ರಸ್ತೆಗೆ ಒಂದು ದರ ಅಂತ ಇಟ್ಟಿರುತ್ತಾರೆ. ನಿಮ್ಮ ಸೈಟು ಮೂಲೆಯದೋ, ಮುಂದೆ ಮೋರಿ ಇದೆಯೋ ಅದಕ್ಕೆ ಗೊತ್ತಿಲ್ಲ. ಬ್ರೋಕರ್ ಹೇಳುವುದು ಮಾರುವವರು ಕೇಳುತ್ತಿರುವ ಬೆಲೆ, ಕೊಳ್ಳುವವರು ಕೊಟ್ಟ ಬೆಲೆಯಲ್ಲ. ಹಾಗಾಗಿ ಮಾತು ಶುರುವಾಗಬೇಕಾದ್ದು ನೋಂದಾಯಿತ ವ್ಯಾಲ್ಯುಯರ್ ವರದಿಯಿಂದ. ಮೂವರೂ ಸೇರಿ ಒಬ್ಬರನ್ನೇ ಕರೆಸಿ, ಫೀಸನ್ನು ಮೂವರೂ ಹಂಚಿಕೊಳ್ಳಿ. ಒಬ್ಬನೇ ಕರೆಸಿದ ವರದಿಯನ್ನು ಉಳಿದಿಬ್ಬರು ಎಷ್ಟೇ ಸರಿಯಿದ್ದರೂ ನಂಬುವುದಿಲ್ಲ.

ವರದಿ ಬಂದ ಮೇಲೆ ಕೊನೆಯ ಪುಟದ ಮೊತ್ತ ಮಾತ್ರ ನೋಡಬೇಡಿ. ನಮ್ಮ ಉದಾಹರಣೆಯಲ್ಲಿ ಅದು ಹೀಗಿತ್ತು. ಜಾಗ 1200 ಚದರಡಿ, ಅಡಿಗೆ 13,000, ಒಟ್ಟು 156 ಲಕ್ಷ. ಕಟ್ಟಡ 1800 ಚದರಡಿ, ಇವತ್ತು ಹೊಸದಾಗಿ ಕಟ್ಟಲು ಅಡಿಗೆ 2000 ಅಂದರೆ 36 ಲಕ್ಷ. ಕಟ್ಟಡಕ್ಕೆ 60 ವರ್ಷ ಆಯಸ್ಸು ಅಂತ ಹಿಡಿದು, 20 ವರ್ಷ ಕಳೆದಿದ್ದರಿಂದ ಮೂರನೇ ಒಂದು ಭಾಗ ಸವಕಳಿ ಕಳೆದು 24 ಲಕ್ಷ. ಎರಡೂ ಸೇರಿ 180 ಲಕ್ಷ. ಅಣ್ಣ "ಹಳೇ ಮನೆ, ಏನು ಬರುತ್ತೆ" ಅಂತಿದ್ದ. ಹಳೆಯದಾಗಿದ್ದು ಕಟ್ಟಡ, ಜಾಗವಲ್ಲ. ಬೆಂಗಳೂರಿನಲ್ಲಿ ಬೆಲೆಯೆಲ್ಲ ಇರುವುದು ಜಾಗದಲ್ಲೇ.

ಎರಡು ಕಡೆ ಕಣ್ಣಿಡಿ. ಒಂದು, ವರದಿಯಲ್ಲಿ ಮಾರುಕಟ್ಟೆ ಬೆಲೆಯ ಕೆಳಗೆ "ಡಿಸ್ಟ್ರೆಸ್ ವ್ಯಾಲ್ಯೂ" ಅಥವಾ "ಫೋರ್ಸ್ಡ್ ಸೇಲ್ ವ್ಯಾಲ್ಯೂ" ಅಂತ ಇನ್ನೊಂದು ಮೊತ್ತ ಇರುತ್ತದೆ. ಅದು ಬ್ಯಾಂಕು ಹರಾಜು ಹಾಕಬೇಕಾಗಿ ಬಂದರೆ ಎಷ್ಟು ಬರಬಹುದು ಅನ್ನುವ ಲೆಕ್ಕ. ಪಾಲಿಗೆ ಅದು ಬೇಡ. ಇನ್ನೊಂದು, ವರದಿಯ ಅಳತೆ ಕ್ರಯಪತ್ರದ ಅಳತೆಗೆ ಸರಿ ಇದೆಯಾ, ಖಾತೆ ಎ ಖಾತೆಯಾ ಬಿ ಖಾತೆಯಾ ನೋಡಿ. ಬಿ ಖಾತೆಯ ಸೈಟಿಗೆ ಎ ಖಾತೆಯ ದರ ಹಾಕಿದ್ದರೆ ಮನೆ ತೆಗೆದುಕೊಳ್ಳುವವನಿಗೆ ಮೋಸ.

ಚಿನ್ನಕ್ಕೆ ಅಂಗಡಿಯ ಬೋರ್ಡಿನ ರೇಟು ಹಾಕಿದರೆ ಸಾಲದಾ?

ರೇಟು ಸಾಕು, ತೂಕ ಯಾವುದು ಅನ್ನುವುದೇ ಪ್ರಶ್ನೆ. ಅಮ್ಮನ ಒಡವೆ ಎಲ್ಲ ಸೇರಿ ತಕ್ಕಡಿಯಲ್ಲಿ 330 ಗ್ರಾಂ ತೂಗಿತು. ಇದು ಒಟ್ಟು ತೂಕ. ಅಡ್ಡಿಕೆಯ ಕೆಂಪು ಕಲ್ಲು, ಜುಮಕಿಯ ಮುತ್ತು, ಹಳೇ ಬಳೆಯೊಳಗಿನ ಅರಗು ಇದೆಲ್ಲ 22 ಗ್ರಾಂ ಅಂತ ಕಳೆದರು. ಉಳಿದ ನಿವ್ವಳ ತೂಕ 308.

ಇಲ್ಲಿಗೂ ಮುಗಿಯಲಿಲ್ಲ. 220 ಗ್ರಾಂ 22 ಕ್ಯಾರೆಟ್ ಇತ್ತು. ಅಜ್ಜಿ ಕಾಲದ ಎರಡು ಸರ, 88 ಗ್ರಾಂ, 20 ಕ್ಯಾರೆಟ್ ಅಂತ ಬಂತು. 88ನ್ನು 20ರಿಂದ ಗುಣಿಸಿ 22ರಿಂದ ಭಾಗಿಸಿದರೆ 80. ಅಂದರೆ ಒಟ್ಟು ಲೆಕ್ಕಕ್ಕೆ ಬರುವ 22 ಕ್ಯಾರೆಟ್ ಚಿನ್ನ 300 ಗ್ರಾಂ. ಗ್ರಾಂಗೆ 10,000 ಅಂತ ಹಿಡಿದರೆ 30 ಲಕ್ಷ. ತಕ್ಕಡಿಯ 330ಕ್ಕೇ ಬೆಲೆ ಹಾಕಿದ್ದರೆ 33 ಲಕ್ಷ ಆಗುತ್ತಿತ್ತು. ಒಡವೆ ತೆಗೆದುಕೊಂಡವರ ಲೆಕ್ಕಕ್ಕೆ ಇಲ್ಲದ 3 ಲಕ್ಷ ಸೇರುತ್ತಿತ್ತು.

ಮಜೂರಿ, ವೇಸ್ಟೇಜ್ ಯಾವುದೂ ಬೆಲೆಗೆ ಸೇರುವುದಿಲ್ಲ. ಅಂಗಡಿಯವರ ಕ್ಯಾರೆಟ್ ಮೀಟರ್ ಮೇಲ್ಪದರ ಮಾತ್ರ ಓದುತ್ತದೆ ಅನ್ನುವುದು ನೆನಪಿರಲಿ. ತುಂಬಾ ದಪ್ಪ ಒಡವೆ ಬಗ್ಗೆ ಅನುಮಾನ ಬಂದರೆ ಅನುಭವ ಇರುವ ಚಿನಿವಾರರ ಹತ್ತಿರ ಉಜ್ಜಿಸಿ, ಒರೆಗಲ್ಲಿಗೆ ಹಚ್ಚಿ ನೋಡಿಸಿ. ಪ್ರತಿ ಒಡವೆಗೂ ಒಂದೊಂದು ಸಾಲು, ಒಂದೊಂದು ಫೋಟೋ ಇರುವ ಪಟ್ಟಿ ಬರೆಸಿಕೊಳ್ಳಿ.

ಅಕ್ಕನಿಗೂ ತಂಗಿಗೂ ಮದುವೆಯಲ್ಲಿ ಹಾಕಿದ ಒಡವೆ ಈ ಪಟ್ಟಿಗೆ ಬರುವುದಿಲ್ಲ. ಅದು ಅವರವರದು. ಅತ್ತಿಗೆಗೆ ಅವರ ತವರಿನವರು ಹಾಕಿದ್ದೂ ಅಷ್ಟೇ.

ಅಮ್ಮನ ಅವಲಕ್ಕಿ ಸರ ಇಬ್ಬರಿಗೂ ಬೇಕು. ಕತ್ತರಿಸೋಕಾಗುತ್ತಾ?

ಕತ್ತರಿಸಬೇಡಿ! ಇಬ್ಬರೂ ಒಂದೊಂದು ಚೀಟಿಯಲ್ಲಿ ಆ ಸರಕ್ಕೆ ಎಷ್ಟು ಕೊಡಲು ತಯಾರು ಅಂತ ಬರೆಯಿರಿ. ಚಿನ್ನದ ಬೆಲೆಗಿಂತ ಜಾಸ್ತಿ ಬರೆದರೂ ಪರವಾಗಿಲ್ಲ. ಜಾಸ್ತಿ ಬರೆದವರಿಗೆ ಸರ, ಎರಡು ಚೀಟಿಯ ನಡುವಿನ ಬೆಲೆಗೆ. ಇದೇ ಉಪಾಯ ಮನೆಗೂ ಬರುತ್ತದೆ, ಕೆಳಗೆ ವಿವರವಾಗಿ ಹೇಳಿದ್ದೇನೆ.

ಬ್ಯಾಂಕಿನ ದುಡ್ಡಿಗೆ ಏನು ಲೆಕ್ಕ, ಇರುವುದನ್ನು ಮೂರು ಮಾಡಿದರಾಯಿತು ಅಲ್ವಾ?

ಪಾಸ್‌ಬುಕ್ಕನ್ನು ಅಪ್ಪ ತೀರಿಕೊಂಡ ದಿನದಿಂದ ಇವತ್ತಿನವರೆಗೂ ಎಂಟ್ರಿ ಹಾಕಿಸಿ ತನ್ನಿ. ಆ ದಿನ ಎಷ್ಟಿತ್ತು, ಆಮೇಲೆ ಏನು ಹೋಯಿತು, ಯಾಕೆ ಹೋಯಿತು. ಆಸ್ಪತ್ರೆಯ ಕೊನೇ ಬಿಲ್ಲು, ಕಾರ್ಯದ ಖರ್ಚು ಇವಕ್ಕೆ ಎಟಿಎಂನಿಂದ ತೆಗೆದಿದ್ದರೆ ಬರೆದಿಡಿ. ಸಾಮಾನ್ಯವಾಗಿ ಯಾರೂ ಅದಕ್ಕೆ ತಕರಾರು ಮಾಡುವುದಿಲ್ಲ. ತಕರಾರು ಬರುವುದು ಬರೆದಿಡದೆ "ಖರ್ಚಾಯ್ತು" ಅಂದಾಗ. ನಮ್ಮ ಮನೆಯಲ್ಲಿ ಎಲ್ಲ ಕಳೆದು ಎಸ್‌ಬಿ, ಎಫ್‌ಡಿ ಸೇರಿ 24 ಲಕ್ಷ ಉಳಿಯಿತು.

ಸಾಲ ಎಷ್ಟಿದೆ ಅಂತ ಹೇಗೆ ಗೊತ್ತಾಗುತ್ತದೆ?

ಬ್ಯಾಂಕಿನ ಸಾಲ ಸುಲಭ, ಇವತ್ತಿನ ಬಾಕಿ ಎಷ್ಟು ಅಂತ ಪತ್ರ ಕೊಡುತ್ತಾರೆ. ಈ ಮನೆ ಮೇಲೆ 10 ಲಕ್ಷ ಬಾಕಿ ಇತ್ತು. ಸಾಲದ ಜೊತೆ ಇನ್ಶೂರೆನ್ಸ್ ಮಾಡಿಸಿದ್ದರಾ ಅಂತ ಮೊದಲು ಕೇಳಿ. ಮಾಡಿಸಿದ್ದರೆ ಸಾಲವೇ ತೀರಿಹೋಗಬಹುದು.

ಯಾವ ವ್ಯಾಲ್ಯುಯೇಷನ್ ಕಾಗದದಲ್ಲೂ ಕಾಣದ ಸಾಲ ಒಂದಿದೆ. ಬೆಂಗಳೂರಿನಲ್ಲಿ ನಾನು ಹೆಚ್ಚಾಗಿ ನೋಡಿದ ತಪ್ಪು ಅದೇ. ಲೀಸ್ ದುಡ್ಡು. ಮೇಲಿನ ಮನೆಯವರು ಬಾಡಿಗೆ ಕೊಡುವುದಿಲ್ಲ, ಅಪ್ಪನಿಗೆ 8 ಲಕ್ಷ ಕೊಟ್ಟು ಕೂತಿದ್ದಾರೆ. ಅವರು ಖಾಲಿ ಮಾಡುವ ದಿನ ಆ 8 ಲಕ್ಷ ವಾಪಸ್ ಕೊಡಬೇಕು. ಆ ದುಡ್ಡು ಬಹುಶಃ ಅಪ್ಪನ ಎಫ್‌ಡಿಯಲ್ಲೇ ಇದೆ. ಎಫ್‌ಡಿಯನ್ನು ಮೂವರೂ ಹಂಚಿಕೊಂಡು, ಮನೆ ತೆಗೆದುಕೊಂಡ ಅಣ್ಣ ಎರಡು ವರ್ಷ ಆದಮೇಲೆ ಒಬ್ಬನೇ 8 ಲಕ್ಷ ಹೊಂದಿಸುವುದು ಯಾವ ನ್ಯಾಯ? ಬಾಡಿಗೆಗೆ ಕೊಟ್ಟಿದ್ದರೆ ತೆಗೆದುಕೊಂಡ ಅಡ್ವಾನ್ಸ್ ಕೂಡ ಹಾಗೆಯೇ ಸಾಲ. ಕರಾರು ಪತ್ರ ತೆಗೆಸಿ ನೋಡಿ, ಮೇಲಿನವರ ಹತ್ತಿರವೂ ಒಂದು ಮಾತು ಕೇಳಿ.

ಹೀಗೆ ಒಟ್ಟು ಸಾಲ 18 ಲಕ್ಷ.

ಅಪ್ಪ ಯಾರಿಂದಲೋ ಕೈಸಾಲ ತೆಗೆದಿದ್ದರು ಅಂತ ಯಾರಾದರೂ ಬಂದರೆ ಕಾಗದ ಅಥವಾ ಬ್ಯಾಂಕ್ ವ್ಯವಹಾರ ತೋರಿಸಲು ಹೇಳಿ. ನಿಜವಾದ ಸಾಲವಾದರೂ ಮಕ್ಕಳ ಹೊಣೆ ಅಪ್ಪನಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ನೀವೇ ಜಾಮೀನು ನಿಂತಿದ್ದರೆ ಅಥವಾ ಸಾಲದಲ್ಲಿ ನಿಮ್ಮ ಹೆಸರೂ ಇದ್ದರೆ ಮಾತ್ರ ಸ್ವಂತ ಜೇಬಿಗೆ ಬರುತ್ತದೆ.

ಎಂಟು ತಿಂಗಳು ಕಂತು ಕಟ್ಟಿದ್ದು ನಾನು. ಅದು ಲೆಕ್ಕಕ್ಕಿಲ್ವಾ?

ಇದೆ. ಅಣ್ಣ ತಿಂಗಳಿಗೆ 24,000ದಂತೆ 1,92,000 ಕಟ್ಟಿದ್ದ. ಆಸ್ತಿ ಅವನಿಗೆ ಅಷ್ಟು ಬಾಕಿ. ಆದರೆ ಮೂವರ ಮನೆಯಲ್ಲಿ ಅವನೊಬ್ಬನೇ ಇದ್ದ. ಆ ಕೆಳಮನೆಗೆ ಹೊರಗಿನವರು 22,000 ಬಾಡಿಗೆ ಕೊಡುತ್ತಿದ್ದರು, ಎಂಟು ತಿಂಗಳಿಗೆ 1,76,000. ಅದು ಆಸ್ತಿಗೆ ಬರಬೇಕಿದ್ದ ದುಡ್ಡು. ವ್ಯತ್ಯಾಸ 16,000. ಅಣ್ಣ ಅದನ್ನು ಕೇಳಲಿಲ್ಲ, ಎರಡನ್ನೂ ಬಿಟ್ಟೆವು. ಎಲ್ಲ ಮನೆಯಲ್ಲೂ ಇಷ್ಟು ಹತ್ತಿರ ಬರುವುದಿಲ್ಲ. ಒಂದನ್ನು ಬರೆದರೆ ಇನ್ನೊಂದನ್ನೂ ಬರೆಯಿರಿ ಅಷ್ಟೇ.

ತಂಗಿಯ ಮದುವೆಗೆ ಅಪ್ಪ ಸಾಲ ಮಾಡಿ ಖರ್ಚು ಮಾಡಿದ್ದರು. ಅವಳ ಪಾಲಿನಲ್ಲಿ ಕಳೆಯಬಹುದಾ?

ಕಾನೂನಿನಲ್ಲಿ ಅಂಥ ನಿಯಮವಿಲ್ಲ. ಮೂವರೂ ಮನಸಾರೆ ಒಪ್ಪಿದರೆ ಬೇರೆ ಮಾತು. ಆಗ ಅಣ್ಣನ ಓದಿಗೆ ಕಟ್ಟಿದ ಡೊನೇಷನ್ನೂ ಲೆಕ್ಕಕ್ಕೆ ಬರುತ್ತದೆ. ಅಲ್ಲಿಗೆ ಸಾಮಾನ್ಯವಾಗಿ ಎಲ್ಲರೂ ಸುಮ್ನಾಗುತ್ತಾರೆ.

ಸರಿ, ಒಟ್ಟು ಲೆಕ್ಕ ಹೇಗೆ ಬರುತ್ತದೆ?

ಮನೆ 180, ಚಿನ್ನ 30, ಬ್ಯಾಂಕು 24. ಒಟ್ಟು 234 ಲಕ್ಷ. ಸಾಲ 18 ಕಳೆದರೆ 216. ಮೂರು ಪಾಲು ಮಾಡಿದರೆ ತಲಾ 72 ಲಕ್ಷ.

ಮನೆಯನ್ನು ಅಣ್ಣ, ಚಿನ್ನವನ್ನು ಅಕ್ಕ, ಬ್ಯಾಂಕಿನ ದುಡ್ಡನ್ನು ತಂಗಿ ತೆಗೆದುಕೊಳ್ಳುವುದು ಅಂತ ಮಾತಾಯಿತು ಅನ್ನಿ. ಮನೆಗೆ ಅಂಟಿಕೊಂಡ ಎರಡೂ ಸಾಲ ಅಣ್ಣನ ತಲೆಗೆ. ಆಗ ಅವನ ಕೈಗೆ ಬಂದದ್ದು 180ರಲ್ಲಿ 18 ಹೋಗಿ 162. ಅವನ ಪಾಲು 72, ಹಾಗಾಗಿ 90 ಲಕ್ಷ ಕೊಡಬೇಕು. ಅಕ್ಕನಿಗೆ ಚಿನ್ನ 30 ಬಂದಿದೆ, ಇನ್ನೂ 42 ಬರಬೇಕು. ತಂಗಿಗೆ 24 ಬಂದಿದೆ, 48 ಬರಬೇಕು. 42 ಮತ್ತು 48 ಸೇರಿ 90. ಸರಿಹೋಯಿತು.

ಸಾಮಾನ್ಯ ತಪ್ಪು ಏನೆಂದರೆ, ಆಸ್ತಿಯನ್ನು ಮಾತ್ರ ಹಂಚಿ, ಸಾಲವನ್ನು "ಆಮೇಲೆ ನೋಡೋಣ" ಅನ್ನುವುದು. 234ನ್ನು ಮೂರು ಮಾಡಿದರೆ ತಲಾ 78. ಅಣ್ಣ 102 ಲಕ್ಷ ಕೊಟ್ಟು, ಮೇಲೆ 18 ಲಕ್ಷ ಸಾಲವನ್ನೂ ಒಬ್ಬನೇ ತೀರಿಸಿದರೆ ಅವನಿಗೆ ಉಳಿಯುವುದು 60. ಅವರಿಬ್ಬರಿಗೆ 78, ಇವನಿಗೆ 60. ಯಾರೂ ಮೋಸ ಮಾಡಿಲ್ಲ, ಆದರೂ ಮೋಸ ಆಗಿದೆ.

ವ್ಯಾಲ್ಯುಯರ್ 180 ಅಂದರು. ಆದರೂ ಜಾಸ್ತಿ ಬರುತ್ತೆ ಅಂತ ಒಬ್ಬರು, ಕಡಿಮೆ ಅಂತ ಇನ್ನೊಬ್ಬರು. ಏನು ಮಾಡುವುದು?

ಮುಚ್ಚಿದ ಚೀಟಿ. ವರದಿಯನ್ನು ಮೂವರೂ ಓದಿದ ಮೇಲೆ, "ಈ ಮನೆಗೆ ನಾನು ಇಷ್ಟು ಕೊಟ್ಟು ತೆಗೆದುಕೊಳ್ಳುತ್ತೇನೆ" ಅಂತ ಪ್ರತಿಯೊಬ್ಬರೂ ಬರೆದು ಮಡಚಿ ಕೊಡಬೇಕು. ಎಲ್ಲ ಚೀಟಿ ಒಟ್ಟಿಗೆ ಬಿಚ್ಚಬೇಕು.

ನಮ್ಮ ಮನೆಯಲ್ಲಿ ಅಣ್ಣ 198 ಬರೆದ. ಅಲ್ಲೇ ಬೆಳೆದವನು, ಮಕ್ಕಳ ಸ್ಕೂಲು ಪಕ್ಕದಲ್ಲಿ. ಅಕ್ಕ 180, ತಂಗಿ 162. ಮನೆ ಅಣ್ಣನಿಗೆ. ಬೆಲೆ ಮೊದಲ ಎರಡು ಚೀಟಿಗಳ ನಡುವೆ, ಅಂದರೆ 189.

ಈ ಬೆಲೆ ಯಾಕೆ ಮೂವರಿಗೂ ಸರಿ ಅನ್ನಿಸುತ್ತದೆ ನೋಡಿ. ಮನೆಯ ಮಟ್ಟಿಗೆ ಪ್ರತಿ ಪಾಲು 63. ಅಕ್ಕನ ಲೆಕ್ಕದಲ್ಲಿ ಮನೆ 180, ಅವಳ ಪಾಲು 60 ಆಗಬೇಕಿತ್ತು, 63 ಸಿಕ್ಕಿತು. ತಂಗಿಯ ಲೆಕ್ಕದಲ್ಲಿ 54 ಆಗಬೇಕಿತ್ತು, ಅವಳಿಗೂ 63. ಅಣ್ಣನ ಕಣ್ಣಿಗೆ 198ರ ಮನೆ, ಅಕ್ಕ ತಂಗಿಯರ ಪಾಲು 126 ಕೊಟ್ಟರೆ 72 ಉಳಿಯಿತು, ಅವನ ಲೆಕ್ಕದ ಮೂರನೇ ಒಂದು 66 ಮಾತ್ರ. ಒಬ್ಬರ ಪಾಲಿನ ಜೊತೆ ಇನ್ನೊಬ್ಬರದು ಅದಲುಬದಲು ಮಾಡಿಕೊಳ್ಳೋಣ ಅಂತ ಯಾರಿಗೂ ಅನ್ನಿಸುವುದಿಲ್ಲ.

ಇದಕ್ಕೆ ಹಳೆಯ ಗಣಿತದ ರೀತಿಯೊಂದಿದೆ. ಪೋಲೆಂಡಿನ ಗಣಿತಜ್ಞ ಕ್ನಾಸ್ಟರ್ ಕೊಟ್ಟಿದ್ದು. ಅದರಲ್ಲಿ ಪ್ರತಿಯೊಬ್ಬರಿಗೂ ಅವರವರ ಚೀಟಿಯ ಮೂರನೇ ಒಂದು ಭಾಗ ಕೊಟ್ಟು, ಮಿಕ್ಕಿದ್ದನ್ನು ಸಮನಾಗಿ ಹಂಚುತ್ತಾರೆ. ನಮ್ಮ ಅಂಕಿಗಳಲ್ಲಿ ಅಣ್ಣ ಕೊಡುವುದು ಅಲ್ಲೂ 126ನ್ನೇ. ಆದರೆ ಅಕ್ಕನಿಗೆ 66, ತಂಗಿಗೆ 60 ಹೋಗುತ್ತದೆ. ಗಣಿತ ಸರಿ. ತಂಗಿಯ ಮುಂದೆ ಕೂತು ಅದನ್ನು ಸಮರ್ಥಿಸುವುದು ನನ್ನ ಕೈಲಾಗದು. ಅದಕ್ಕೇ ನಾನು ನಡುವಿನ ಬೆಲೆ ಹಿಡಿದು ಇಬ್ಬರಿಗೂ ಸಮನಾಗಿ ಕೊಡಿಸುತ್ತೇನೆ.

ಈಗ ಒಟ್ಟು ಲೆಕ್ಕ ಮತ್ತೆ ಮಾಡಿ. 189, 30, 24 ಸೇರಿ 243, ಸಾಲ ಹೋಗಿ 225, ತಲಾ 75. ಅಣ್ಣ ಕೊಡಬೇಕಾದ್ದು 96. ಅದರಲ್ಲಿ ಅಕ್ಕನಿಗೆ 45, ತಂಗಿಗೆ 51.

ಅಣ್ಣ ಬೇಕಂತಲೇ ಕಡಿಮೆ ಬರೆದರೆ?

ಬರೆಯಲಿ. 175 ಅಂತ ಬರೆದಿದ್ದರೆ ಅಕ್ಕನ 180 ಮೇಲಾಗಿ ಮನೆ ಅವಳಿಗೆ ಹೋಗುತ್ತಿತ್ತು, 177.5ಕ್ಕೆ. ಬೇರೆಯವರು ಏನು ಬರೆದಿದ್ದಾರೆ ಅಂತ ಗೊತ್ತಿಲ್ಲದಿದ್ದರೆ ಆಟ ಕಟ್ಟುವುದು ಅಪಾಯ. ಇಬ್ಬರು ಮೊದಲೇ ಮಾತಾಡಿಕೊಂಡಿದ್ದರೆ ಮಾತ್ರ ಈ ರೀತಿ ಕೆಡುತ್ತದೆ. ಇನ್ನೊಂದು ಕೊರತೆಯೂ ಇದೆ. ಮನೆ ಬೇಕು ಅನ್ನುವ ಆಸೆ ತಂಗಿಗೂ ಇರಬಹುದು, ಸಾಲ ಹುಟ್ಟುವ ಸಂಬಳ ಇಲ್ಲದೆ ಕಡಿಮೆ ಬರೆದಿರಬಹುದು. ಅದಕ್ಕೆ ಚೀಟಿಗೆ ಮುಂಚೆ ಒಂದು ತಿಂಗಳು ಸಮಯ ಕೊಡಿ. ಯಾರಿಗೆ ಎಷ್ಟು ಸಾಲ ಸಿಗುತ್ತದೆ ಅಂತ ಬ್ಯಾಂಕಿನಲ್ಲಿ ಕೇಳಿಕೊಂಡು ಬರಲಿ. ಮೂರೂ ಚೀಟಿ 180ಕ್ಕಿಂತ ಕೆಳಗೇ ಬಂದರೆ ಮನೆ ಯಾರಿಗೂ ಬೇಡ ಅಂತ ಅರ್ಥ. ಹೊರಗೆ ಮಾರಿ.

96 ಲಕ್ಷ ಒಂದೇ ಸಲ ಎಲ್ಲಿಂದ ತರೋದು? ಮೊದಲು ಸಹಿ ಹಾಕಿ, ಆಮೇಲೆ ಕೊಡಬಹುದಾ?

ಹಾಗೆ ಸಹಿ ಹಾಕಿ ಕೂತ ಅಕ್ಕ ತಂಗಿಯರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನೋಂದಣಿ ಆದ ದಿನವೇ ಹಣ ಬರಬೇಕು, ಚೆಕ್ ಅಥವಾ ಆರ್‌ಟಿಜಿಎಸ್ ನಂಬರ್ ಪತ್ರದಲ್ಲೇ ಬರೆಯಬೇಕು. ನಗದು ಬೇಡ, 2 ಲಕ್ಷ ಮುಟ್ಟಿದರೆ ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ. ಸ್ವಲ್ಪ ಭಾಗ ತಡವಾಗುತ್ತದೆ ಅಂದರೆ ಯಾವ ತಾರೀಖು, ಎಷ್ಟು ಬಡ್ಡಿ ಅಂತ ಪತ್ರದಲ್ಲಿ ಬರೆಸಿ. ಅಷ್ಟರೊಳಗೆ ಚಿನ್ನದ ರೇಟು ಏರಿದರೆ ಮತ್ತೆ ಜಗಳ ಬೇಡ ಅಂತ ಮನೆ, ಚಿನ್ನ, ಬ್ಯಾಂಕು, ಸಾಲ ಎಲ್ಲಕ್ಕೂ ಒಂದೇ ದಿನದ ಬೆಲೆ ಹಿಡಿದಿದ್ದೇವೆ ಅಂತಲೂ ಬರೆಸಿ.

ಮನೆಯೊಳಗೇ ಬಿಳಿ ಹಾಳೆಯಲ್ಲಿ ಬರೆದುಕೊಂಡರೆ ಸಾಲದಾ?

ಸ್ಥಿರಾಸ್ತಿ ಇರುವುದರಿಂದ ಸಾಲದು. ವಿಭಾಗ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು. ಕುಟುಂಬದೊಳಗಿನ ವಿಭಾಗಕ್ಕೆ ಮುದ್ರಾಂಕ ಶುಲ್ಕ ಕ್ರಯಪತ್ರದ ಹಾಗೆ ಬೆಲೆಯ ಶೇಕಡಾವಾರು ಅಲ್ಲ, ಪಾಲಿಗೆ ಇಷ್ಟು ಅಂತ ನಿಗದಿ. ಅದಕ್ಕೆ ಹೆದರಿ ಬಿಳಿ ಹಾಳೆಗೆ ಹೋಗಬೇಡಿ. ವಂಶವೃಕ್ಷ, ಮರಣ ಪತ್ರ, ಇ-ಖಾತಾ ಮೊದಲೇ ಮಾಡಿಸಿಟ್ಟುಕೊಳ್ಳಿ. ವಂಶವೃಕ್ಷದಲ್ಲಿ ಯಾರ ಹೆಸರೂ ಬಿಟ್ಟುಹೋಗಿರಬಾರದು. ತೀರಿಕೊಂಡ ಅಣ್ಣ ತಮ್ಮಂದಿರಿದ್ದರೆ ಅವರ ಹೆಂಡತಿ ಮಕ್ಕಳೂ ಪಾಲುದಾರರು.

ಸಾಲ ತೀರಿಸಿದ ಮೇಲೆ ಮನೆಯ ಮೂಲ ಪತ್ರ ಯಾರ ಕೈಗೆ ಕೊಡುತ್ತಾರೆ?

ಸಾಲ ಅಪ್ಪನ ಹೆಸರಲ್ಲಿದ್ದರೆ ಬ್ಯಾಂಕು ವಾರಸುದಾರರಿಗೆ ಕೊಡಬೇಕು. ಅದಕ್ಕೆ ಏನೇನು ಕಾಗದ ಬೇಕು ಅನ್ನುವ ಕ್ರಮವನ್ನು ಪ್ರತಿ ಬ್ಯಾಂಕೂ ಇಟ್ಟಿರಬೇಕೆಂದು ರಿಸರ್ವ್ ಬ್ಯಾಂಕಿನ 2023ರ ಆದೇಶ ಹೇಳುತ್ತದೆ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ಪತ್ರಗಳು ವಾಪಸ್ ಬರಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಮನೆ ಅಣ್ಣನಿಗೆ ಅಂತ ತೀರ್ಮಾನವಾಗಿದ್ದರೂ ಪತ್ರ ತರಲು ಮೂವರೂ ಹೋಗಿ. ಕೊಟ್ಟ ಪಟ್ಟಿಯ ಜೊತೆ ಒಂದೊಂದನ್ನೂ ಅಲ್ಲೇ ಮೇಜಿನ ಮೇಲೆ ಎಣಿಸಿ, ಆಮೇಲೆ ಸಹಿ ಹಾಕಿ. ಮೂಲ ಕ್ರಯಪತ್ರ ಅಣ್ಣನ ಬೀರುವಿಗೆ, ಒಂದೊಂದು ನಕಲು ಅಕ್ಕ ತಂಗಿಯರ ಬೀರುವಿಗೆ.